ಪ್ರಿಂಟರ್ ಮೇಲ್ ಪಡೆಯಲಿ, ಹಾಳೆ ಕಾಯಲಿ

ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಪ್ರಿಂಟರ್ ತಾನಾಗಿಯೇ ಹಾಳೆ ಹೊರಹಾಕಬೇಕೇ? ಕೆಲಸವನ್ನು ದೂರದಿಂದ ಒಪ್ಪಿಸಬಹುದು, ಆದರೆ ಹಾಳೆ ಹೊರಬರುವುದು ಒಬ್ಬರ ಕಣ್ಣೆದುರೇ ಆಗಬೇಕು ಎಂಬುದು ನನ್ನ ವಾದ.

ಕಮಲಾಪುರದ ಹತ್ತಿರ ವಿದ್ಯಾರಣ್ಯದಲ್ಲಿರುವ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಬೆಂಗಳೂರಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ನಲವತ್ತು ಪುಟದ ಅಧ್ಯಾಯವನ್ನು ವಿಭಾಗದ ಪ್ರಿಂಟರಿನ ಇಮೇಲ್ ವಿಳಾಸಕ್ಕೆ ಕಳಿಸುತ್ತಾರೆ. ಆ ಮೇಲ್ ನೇರವಾಗಿ ವಿದ್ಯಾರಣ್ಯಕ್ಕೆ ಬರುವುದಿಲ್ಲ. ಪ್ರಿಂಟರ್ ರೂಟರಿನ ಹಿಂದೆ, 192.168.1.20 ಎಂಬಂಥ ಒಳವಿಳಾಸದಲ್ಲಿರುತ್ತದೆ. ಹೊರಗಿನವರು ಅದರ ಬಾಗಿಲು ತಟ್ಟಲಾರರು. ಹಾಗಾಗಿ ಪ್ರಿಂಟರೇ ತನ್ನನ್ನು ತಯಾರಿಸಿದ ಕಂಪನಿಯ ಸರ್ವರಿಗೆ ಒಳಗಿನಿಂದ ಸಂಪರ್ಕ ತೆರೆದು, ಕೆಲಸ ಬಂದಿದೆಯೇ ಎಂದು ಕಾಯುತ್ತಿರುತ್ತದೆ. ಮೇಲ್ ಸೇರುವುದು ಆ ಸರ್ವರನ್ನು. ಅಲ್ಲಿ ಲಗತ್ತು ಪುಟಗಳ ಚಿತ್ರವಾಗಿ ಬದಲಾಗುತ್ತದೆ, ಪ್ರಿಂಟರ್ ಅದನ್ನು ಎಳೆದುಕೊಂಡು ಅಚ್ಚು ಹಾಕುತ್ತದೆ.

ಪುಟ ರೂಪುಗೊಳ್ಳುವುದು ನಮ್ಮ ಕಂಪ್ಯೂಟರಿನಲ್ಲಲ್ಲ, ಬೇರೆಲ್ಲೋ ಇರುವ ಸರ್ವರಿನಲ್ಲಿ. ಕನ್ನಡದವರಿಗೆ ಏಟು ಬೀಳುವುದು ಇಲ್ಲೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಕಡತದಲ್ಲಿ ‘ಕನ್ನಡ’ ಎಂಬ ಪದ ಇರುವುದು PÀ£ÀßqÀ ಎಂದು. ಅದಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಸರ್ವರಿನಲ್ಲಿ ಆ ಫಾಂಟು ಇಲ್ಲದಿದ್ದರೆ ನಲವತ್ತು ಪುಟಗಳೂ ಹೀಗೇ ಅಚ್ಚಾಗುತ್ತವೆ. ಪ್ರಿಂಟರಿಗೆ ಅದು ತಪ್ಪೆಂದು ಗೊತ್ತಾಗದು. ಕಳಿಸಿದವರಿಗೆ ‘ಮುದ್ರಣವಾಯಿತು’ ಎಂಬ ಸೂಚನೆ ಬಂದರೂ ಬಂದೀತು. ಹಾಳೆ, ಇಂಕು ಹಾಳಾದದ್ದು ತಿಳಿಯುವುದು ಮರುದಿನ ಯಾರೋ ತಟ್ಟೆ ನೋಡಿದಾಗ. ಯುನಿಕೋಡ್ ಕಡತದಲ್ಲಿ ಈ ಕಾಟ ಕಡಿಮೆ. ಆದರೂ ಸರ್ವರಿನ ಫಾಂಟಿನ ಅಗಲ ಬೇರೆಯಾದರೆ ಸಾಲುಗಳು ಸರಿದು ಪುಟಸಂಖ್ಯೆ ಏರುಪೇರಾಗುತ್ತದೆ, ಕೆಲವೊಮ್ಮೆ ಒತ್ತಕ್ಷರ ಬಿಡಿಯಾಗಿ ನಿಲ್ಲುತ್ತದೆ.

ಮದ್ದು ಸರಳ: ಕಳಿಸುವ ಮುಂಚೆ ಪಿಡಿಎಫ್ ಮಾಡಿ, ಫಾಂಟನ್ನು ಒಳಗೇ ಸೇರಿಸಬೇಕು. ಸೇರಿದೆಯೇ ಎಂದು ತಿಳಿಯಲು ಅಡೋಬ್ ರೀಡರಿನಲ್ಲಿ ಕಡತದ Properties ತೆರೆದು Fonts ಪಟ್ಟಿ ನೋಡಿ. ಫಾಂಟಿನ ಹೆಸರಿನ ಮುಂದೆ Embedded Subset ಎಂದಿದ್ದರೆ ಸೇರಿದೆ ಎಂದರ್ಥ. ಇದಕ್ಕಿಂತ ಸುಲಭದ ಪರೀಕ್ಷೆಯೂ ಇದೆ. ನುಡಿ ಇಲ್ಲದ ಮೊಬೈಲಿನಲ್ಲಿ ಕಡತ ತೆರೆದು ನೋಡಿ. ಅಲ್ಲಿ PÀ£ÀßqÀ ಕಂಡರೆ ಪ್ರಿಂಟರಿನಲ್ಲೂ ಅದೇ ಬರುವ ಸಂಭವ ಹೆಚ್ಚು.

ಇನ್ನು ಕರೆಂಟು. ಪ್ರಿಂಟರ್ ನಿದ್ದೆಯಲ್ಲಿದ್ದರೆ ಸರ್ವರಿನ ಸೂಚನೆಗೆ ಎಚ್ಚರಗೊಳ್ಳುತ್ತದೆ, ಪೂರ್ತಿ ಆಫ್ ಆಗಿದ್ದರೆ ಇಲ್ಲ. ಸಣ್ಣ ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಹಲವು, ಕರೆಂಟು ಹೋಗಿ ಬಂದ ಮೇಲೆ ತಾವಾಗಿ ಏಳುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು. ಅಷ್ಟರವರೆಗೆ ಕೆಲಸ ಸರ್ವರಿನಲ್ಲಿ ಕಾಯುತ್ತದೆ, ಅವಧಿ ಮೀರಿದರೆ ಅಳಿದುಹೋಗುತ್ತದೆ. ಯುಪಿಎಸ್ ಹಾಕಿ ರೂಟರ್ ಒಂದನ್ನೇ ಉಳಿಸಿಕೊಂಡರೆ ಪ್ರಯೋಜನವಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಯಾರು ಕಳಿಸಬಹುದು ಎಂಬ ಪಟ್ಟಿ ಇಡುವ ಸೌಲಭ್ಯ ಹಲವು ಸೇವೆಗಳಲ್ಲಿದೆ, ಅದನ್ನು ಬಿಡದೆ ಬಳಸಬೇಕು. ಆದರೂ ‘From’ ವಿಳಾಸವನ್ನು ಸುಳ್ಳು ಬರೆದು ಕಳಿಸಲು ಸಾಧ್ಯವಿದೆ, ಹಾಗಾಗಿ ಪಟ್ಟಿಯೊಂದೇ ಕಾವಲಲ್ಲ. ತಟ್ಟೆಯಲ್ಲಿ ಬಿದ್ದ ಸಂಬಳದ ಚೀಟಿ, ಪ್ರಶ್ನೆಪತ್ರಿಕೆ ಮೊದಲು ಬಂದವರ ಕೈಗೆ ಸಿಗುತ್ತದೆ. ಆದ್ದರಿಂದಲೇ ಕೆಲಸವನ್ನು ತಡೆಹಿಡಿದು, ಪ್ರಿಂಟರ್ ಮುಂದೆ ನಿಂತು ಪಿನ್ ಒತ್ತಿದ ಮೇಲೆ ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ ಬಿಡುಗಡೆ ಮಾಡುವ ವ್ಯವಸ್ಥೆಯನ್ನು ನಾನು ಬೆಂಬಲಿಸುತ್ತೇನೆ. ಮೈಕ್ರೋಸಾಫ್ಟಿನ ಯೂನಿವರ್ಸಲ್ ಪ್ರಿಂಟ್, ಪೇಪರ್‌ಕಟ್ ಮುಂತಾದವು ಇದಕ್ಕೆ ಅವಕಾಶ ಕೊಡುತ್ತವೆ. ಬೆಂಗಳೂರಿನಿಂದ ಕಳಿಸಿದ್ದು ಸಾಲಿನಲ್ಲಿ ಕಾಯುತ್ತದೆ, ವಿಭಾಗದ ಗುಮಾಸ್ತರು ಬಂದು ಬಿಡುಗಡೆ ಮಾಡಿ, ಮೊದಲ ಪುಟ ಸರಿಯಿಲ್ಲದಿದ್ದರೆ ಉಳಿದದ್ದನ್ನು ನಿಲ್ಲಿಸುತ್ತಾರೆ.

ಇದರಿಂದ ದೂರದ ಕೆಲಸದ ಅನುಕೂಲವೇ ಹೋಯಿತಲ್ಲ ಎಂದು ಕೇಳಬಹುದು. ಹೋಗುವುದಿಲ್ಲ. ಹಾಳೆ ಬೇಕಾಗುವುದು ಯಾರೋ ಅಲ್ಲಿ ಇದ್ದಾಗಲೇ. ಖಾಲಿ ಕೋಣೆಯಲ್ಲಿ ಗಂಟೆಗಟ್ಟಲೆ ಮುಂಚೆ ಅಚ್ಚಾಗಿ ಬಿದ್ದ ಹಾಳೆಯಿಂದ ಯಾರಿಗೂ ಸಮಯ ಉಳಿಯುವುದಿಲ್ಲ. ಪೇಟೆಯ ಜೆರಾಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಕಡತ ಕಳಿಸುವವರು ಬಹಳ. ಅಲ್ಲಿ ಅಂಗಡಿಯವರು ಕಡತ ತೆರೆದು ನೋಡಿಯೇ ಅಚ್ಚು ಹಾಕುತ್ತಾರೆ, ಅಕ್ಷರ ಕೆಟ್ಟಿದ್ದರೆ ಫೋನ್ ಮಾಡುತ್ತಾರೆ. ಈ ಕಣ್ಣು ಇಮೇಲ್ ವಿಳಾಸವುಳ್ಳ ಯಂತ್ರಕ್ಕಿಲ್ಲ. ಆದರೆ ಆಧಾರ್ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋಗುವ ತೊಂದರೆ ಅಲ್ಲಿದೆ, ಅಳಿಸಿರೆಂದು ನಾವೇ ಕೇಳಬೇಕು.

ಸೇವೆಯ ಆಯುಷ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2010ರಲ್ಲಿ ಆರಂಭವಾದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಪ್ರಿಂಟರುಗಳು ಸುಸ್ಥಿತಿಯಲ್ಲೇ ಇದ್ದವು, ಅವು ಕೇಳುತ್ತಿದ್ದ ಸರ್ವರಿನ ಕಡೆಯಿಂದ ಉತ್ತರ ಬರುವುದು ನಿಂತಿತ್ತು. ವಿಭಾಗಕ್ಕೆ ಪ್ರಿಂಟರ್ ಕೊಳ್ಳುವವರು, ಇಮೇಲ್ ವಿಳಾಸ ಹೋದರೂ ಯುಎಸ್‌ಬಿ ಕೇಬಲಿನಿಂದಲೋ ಕಚೇರಿಯ ವೈಫೈನಿಂದಲೋ ಅದು ದುಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಲಿ.