ಕಲ್ಲಿಗಿಳಿಯುವ ಮೊದಲು

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸುತ್ತದೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಕೋಪವೇ ಬಾರದ ಸ್ಥಿತಿ ಗೃಹಸ್ಥನಿಗೆ ದೂರದ ಮಾತು. ಎದ್ದ ಕೋಪ ಕಲ್ಲಿಗಿಳಿಯದಂತೆ ನೋಡಿಕೊಳ್ಳುವುದು ಮಾತ್ರ ಅವನ ಅಂಕೆಯಲ್ಲಿದೆ.

ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಒಂದೇ ತೂಬಿನ ನೀರಿಗೆ ಕಾದಿರುವ ಇಬ್ಬರು ಗೆಳೆಯರನ್ನು ಭಾವಿಸೋಣ. ಭತ್ತ ಹೊಡೆಯಾಗುವ ಕಾಲ. ಸರದಿ ತಪ್ಪಿತೆಂದು ಒಬ್ಬನ ದೂರು, ಇನ್ನೊಬ್ಬನ ನಿರಾಕರಣೆ. ಇಷ್ಟರವರೆಗೆ ಮಾತು ನೀರಿನದು. “ನೀನು ಯಾವತ್ತೂ ಹೀಗೇ ಕಣೋ” ಎಂಬಲ್ಲಿ ನೀರು ಮರೆಯಾಗಿ ಮನುಷ್ಯ ಗುರಿಯಾಗುತ್ತಾನೆ. ತಡೆಯಬೇಕಾದ ಕ್ಷಣ ಅದೇ. ಪ್ರತ್ಯುತ್ತರ ನಾಲಿಗೆಯ ತುದಿಗೆ ಬಂದಿದ್ದರೂ ಒಂದು ಉಸಿರಿನಷ್ಟು ನಿಂತು, ಮುಂದಿನ ವಾಕ್ಯವನ್ನು ತಗ್ಗಿದ ದನಿಯಲ್ಲಿ, ನಿಧಾನವಾಗಿ ಆಡಬೇಕು: “ಇಬ್ಬರ ಪೈರೂ ತೆನೆ ಕಟ್ಟಬೇಕಲ್ಲವೇನೋ? ಇವತ್ತು ರಾತ್ರಿ ನೀರು ಯಾವ ಗದ್ದೆಗೆ ಮೊದಲು ಬೇಕು, ನೋಡೋಣ ಬಾ.” ಕೂಗಿಗೆ ಕೂಗು ದೊರೆಯದಿದ್ದಾಗ ಕೇಳುವವನೂ ದನಿ ತಗ್ಗಿಸದೆ ಮಾತನ್ನು ಹಿಡಿಯಲಾರ. “ನಮ್ಮ ಸ್ನೇಹ ದೊಡ್ಡದು” ಎಂಬ ಸಾಮಾನ್ಯ ಮಾತು ಅಲ್ಲಿ ನಿಲ್ಲುವುದಿಲ್ಲ. ಇಬ್ಬರ ಕಣ್ಣೆದುರಿಗಿರುವ ಪೈರು ನಿಲ್ಲುತ್ತದೆ. ಅವನ ಉತ್ತರದಲ್ಲಿ ‘ನೀನು’ ಹಿಂದೆ ಸರಿದು ಗದ್ದೆ, ಗಂಟೆ, ತೂಬು ಮುಂದೆ ಬಂದರೆ ಬಿಸಿ ಇಳಿಯುತ್ತಿದೆಯೆಂದು ತಿಳಿಯಬಹುದು.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತಿರುವ ಬಾಹುಬಲಿಯ ಕಥೆಯಲ್ಲಿಯೂ ಇಂತಹದೊಂದು ತಡೆ ಬರುತ್ತದೆ. ಭರತ, ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಯಾರದು ಸರಿಯೆಂದು ವಾದಿಸಲಿಲ್ಲ. ಇಬ್ಬರೂ ಚರಮಶರೀರಿಗಳು, ಅವರಿಗೆ ಸಾವಿಲ್ಲ. ಸಾಯುವವರು ಸೈನಿಕರು ಎಂಬುದನ್ನು ಮುಂದಿಟ್ಟರು. ಪ್ರಜೆಗಳ ಪ್ರಾಣ ಇಬ್ಬರಿಗೂ ಬೇಕಾದುದೇ ಆಗಿತ್ತು. ಯುದ್ಧವು ದೃಷ್ಟಿ, ಜಲ, ಮಲ್ಲ ಎಂಬ ಮೂರು ಸ್ಪರ್ಧೆಗಳಿಗೆ ಇಳಿಯಿತು. ಆದರೂ ಸೋತ ಭರತನು ಚಕ್ರವನ್ನು ಬಿಟ್ಟನೆಂಬುದನ್ನು ಪುರಾಣ ಮುಚ್ಚಿಡುವುದಿಲ್ಲ. ಸಮಾನ ಉದ್ದೇಶ ಹಾನಿಯನ್ನು ಕಿರಿದು ಮಾಡಿತು, ಮಾನಕಷಾಯವನ್ನು ಕರಗಿಸಲಿಲ್ಲ.

ಆದುದರಿಂದ ಈ ಉಪಾಯಕ್ಕೂ ಎಲ್ಲೆಯಿದೆ. ತಗ್ಗಿದ ದನಿಯಲ್ಲಿ “ನಾನು ನಿನಗಿಂತ ಶಾಂತ” ಎಂಬ ಧ್ವನಿ ಸೇರಿದರೆ ಅದೇ ಮಾನ. ಗೆಳೆಯ ಇನ್ನಷ್ಟು ಕೆರಳುತ್ತಾನೆ. ನಿಜವಾಗಿ ಕದ್ದ ನೀರನ್ನು ಮರೆಸಲು “ಇಬ್ಬರ ಪೈರು” ಎಂದರೆ ಅದು ಮಾಯಾಕಷಾಯ. ಸರದಿ ತಪ್ಪಿಸಿದವನು ಅದನ್ನು ಒಪ್ಪಿಕೊಂಡೇ ಆ ಮಾತನ್ನು ಆಡಬೇಕು. ಎರಡು ಬಾರಿ ಮೆಲ್ಲಗೆ ನುಡಿದರೂ ಕೂಗು ನಿಲ್ಲದಿದ್ದರೆ ಭಾಷಾಸಮಿತಿಯ ಕೆಲಸ ಅಲ್ಲಿಗೆ ಮುಗಿಯಿತು, ವಚನಗುಪ್ತಿಯದು ಮೊದಲಾಯಿತು. “ಬೆಳಗ್ಗೆ ತೂಬಿನ ಹತ್ತಿರ ಸಿಗ್ತೀನಿ” ಎಂದು ಹೇಳಿ ಹೊರಡಬೇಕು. ಬೆಳಗ್ಗೆ ತಪ್ಪದೆ ಹೋಗಲೂಬೇಕು.