60 ದಿನಗಳ ಗಡುವು ಮತ್ತು ಮೇಜಿನ ಆಚೆಯ ಮೌನ

ಡಲ್ಲಾಸ್‌ನ ಉತ್ತರಕ್ಕಿರುವ ಅಲೆನ್, ಪ್ಲೇನೋ, ಫ್ರಿಸ್ಕೊಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಎಚ್-1ಬಿ ವೀಸಾದ ಮೇಲೆ ದುಡಿಯುವವರು. ಕೆಲಸ ಹೋದರೆ ಅವರಿಗೆ ಉಳಿಯುವುದು ಗರಿಷ್ಠ 60 ದಿನ; ಅದೂ ಐ-94 ದಾಖಲೆಯ ಅವಧಿ ಅದಕ್ಕೂ ಮೊದಲೇ ಮುಗಿಯದಿದ್ದರೆ. 2017ರ ಜನವರಿಯಿಂದ ಜಾರಿಯಲ್ಲಿರುವ ಈ ನಿಯಮದಡಿ ಶನಿವಾರ, ಭಾನುವಾರಗಳೂ ಲೆಕ್ಕಕ್ಕೆ ಸೇರುತ್ತವೆ.

ಈ 60 ದಿನವೂ ಪೂರ್ತಿ ಕೈಗೆ ಸಿಗುವುದಿಲ್ಲ. ಗಡುವಿನೊಳಗೆ ಹೊಸ ಕಂಪನಿಯ ಅರ್ಜಿ ವಲಸೆ ಇಲಾಖೆಗೆ ತಲುಪಬೇಕು. ಅದಕ್ಕೆ ಮುನ್ನ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಪ್ರಮಾಣಪತ್ರ ಬರಬೇಕು. ಅದಕ್ಕೇ ಸಾಮಾನ್ಯವಾಗಿ 7 ಕೆಲಸದ ದಿನಗಳು ಹಿಡಿಯುತ್ತವೆ. ವಕೀಲರ ಸಿದ್ಧತೆಯನ್ನೂ ಸೇರಿಸಿದರೆ ಎರಡು ವಾರ. ಅಂದರೆ, 45ನೆಯ ದಿನದ ಹೊತ್ತಿಗೆ ನೇಮಕಪತ್ರ ಕೈಯಲ್ಲಿರಬೇಕು.

ಒಬ್ಬ ಎಂಜಿನಿಯರ್ 10ನೆಯ ದಿನ ಮೊದಲ ಸಂದರ್ಶನಕ್ಕೆ ಕೂತರೆಂದುಕೊಳ್ಳೋಣ. 25ನೆಯ ದಿನಕ್ಕೆ ನಾಲ್ಕು ಸುತ್ತುಗಳು ಮುಗಿದವು. ‘ಚೆನ್ನಾಗಿತ್ತು, ಬೇಗ ತಿಳಿಸುತ್ತೇವೆ’ ಎಂಬ ಮಾತನ್ನು ನಂಬಿ ಅವರು ಬೇರೆ ಕಡೆಯ ಪ್ರಯತ್ನ ಸಡಿಲಿಸಿದರು. 30ನೆಯ ದಿನ ಆ ಹುದ್ದೆಯ ಬಜೆಟ್ ಸ್ಥಗಿತಗೊಂಡಿತು. ಅದು ಅವರಿಗೆ ತಿಳಿದದ್ದು 48ನೆಯ ದಿನ. ಹುದ್ದೆ ತಪ್ಪಿದ್ದು ಯಾರ ತಪ್ಪೂ ಅಲ್ಲದಿರಬಹುದು. ನಡುವಿನ 18 ದಿನಗಳನ್ನು ಕಳೆದದ್ದು ಮಾತ್ರ ಮೌನ.

ಮೇಜಿನ ಆಚೆ ಕೂತವರಲ್ಲಿ ನಾವೂ ಇದ್ದೇವೆ. ಮೊದಲ ಆಯ್ಕೆಯವರು ಒಪ್ಪುವವರೆಗೆ ಎರಡನೆಯವರನ್ನು ಕಾಯಿಸುವುದು, ಬಜೆಟ್ ಮರಳೀತೆಂದು ಸುಮ್ಮನಿರುವುದು ನಮಗೆ ಗೊತ್ತಿರುವ ರೂಢಿಗಳೇ. ‘ನಿಮ್ಮ ಗಡುವು ಯಾವಾಗ?’ ಎಂದು ಅಭ್ಯರ್ಥಿಯೇ ಹೇಳಲಿ ಎಂದು ಕಾಯುವುದೂ ಸರಿಯಲ್ಲ. ಹೇಳಿದರೆ ತಿರಸ್ಕರಿಸಿಯಾರೆಂಬ ಅಂಜಿಕೆ ಅವರಿಗಿರುತ್ತದೆ. ಆದ್ದರಿಂದ ವೇಳಾಪಟ್ಟಿಯನ್ನು ಕೇಳದೆಯೇ, ಎಲ್ಲ ಅಭ್ಯರ್ಥಿಗಳಿಗೂ, ಮೊದಲ ಕರೆಯಲ್ಲೇ ಕೊಡಬೇಕು: ಎಷ್ಟು ಸುತ್ತು, ನಿರ್ಧಾರ ಯಾರದು, ಯಾವ ದಿನದೊಳಗೆ.

ಆಮೇಲಿನ ಪತ್ರಕ್ಕೆ ನಾಲ್ಕು ವಾಕ್ಯ ಸಾಕು. ‘ನಿಮ್ಮ ಸಂದರ್ಶನಗಳು ಮುಗಿದಿವೆ. ಹುದ್ದೆಯ ಬಜೆಟ್ ತಡೆಹಿಡಿಯಲ್ಪಟ್ಟಿದೆ, ಯಾವಾಗ ಬಿಡುಗಡೆಯಾಗುವುದೋ ತಿಳಿಯದು. ಬೇರೆ ಅವಕಾಶಗಳನ್ನು ನಿಲ್ಲಿಸಬೇಡಿ. ಹೊಸ ಸಂಗತಿ ಇರಲಿ, ಇಲ್ಲದಿರಲಿ, ಮುಂದಿನ ಶುಕ್ರವಾರ ಬರೆಯುತ್ತೇನೆ.’ ಆ ಶುಕ್ರವಾರ ಹೇಳುವುದೇನೂ ಇಲ್ಲದಿದ್ದರೂ ಬರೆಯಲೇಬೇಕು. ಒಮ್ಮೆ ತಪ್ಪಿದರೆ ಮುಂದಿನ ದಿನಾಂಕವನ್ನು ಯಾರೂ ನಂಬುವುದಿಲ್ಲ. ಕಂಪನಿಯ ಒಳಗುಟ್ಟನ್ನು ಬಿಚ್ಚಿಡಬೇಕಿಲ್ಲ, ಇನ್ನೊಬ್ಬ ಅಭ್ಯರ್ಥಿಯ ಹೆಸರನ್ನೂ ಹೇಳಬೇಕಿಲ್ಲ. ಆದರೆ ‘ಇನ್ನೇನು ಆಗಿಬಿಟ್ಟಿತು’ ಎಂಬ ಸುಳ್ಳು ಭರವಸೆ ಮೌನಕ್ಕಿಂತ ಕೆಟ್ಟದ್ದು.

ಇಂಥ ಪತ್ರ ವೀಸಾ ನಿಯಮವನ್ನು ಬದಲಿಸದು, ಇಲ್ಲದ ಹುದ್ದೆಯನ್ನು ಸೃಷ್ಟಿಸದು. ಆದರೆ 31ನೆಯ ದಿನವೇ ಬಂದಿದ್ದರೆ, ಬೇರೊಂದು ಬಾಗಿಲು ತಟ್ಟಲು ಆ ಎಂಜಿನಿಯರ್‌ಗೆ ಇನ್ನೂ ಎರಡು ವಾರ ಇರುತ್ತಿತ್ತು. ನಾಳೆ ಬೆಳಿಗ್ಗೆ ನಮ್ಮ ಅಂಚೆಪೆಟ್ಟಿಗೆಯಲ್ಲಿ ಉತ್ತರವಿಲ್ಲದೆ ಕಾಯುತ್ತಿರುವವರು ಯಾರೆಂದು ನೋಡೋಣ.