ಮೂರು ವರ್ಷದ ಮಳಿಗೆ, ನೂರು ರೂಪಾಯಿ ಕಾಗದ

ಊರಿನ ಪೇಟೆಬೀದಿಯಲ್ಲಿ ಒಂದು ಮಳಿಗೆ. ಹತ್ತಡಿ ಅಗಲ, ಹದಿನೆಂಟಡಿ ಉದ್ದ. ಮಾಲೀಕರು ಮೇಲಿನ ಮಹಡಿಯಲ್ಲೇ ವಾಸವಾಗಿದ್ದಾರೆ. ಬಾಡಿಗೆಗೆ ಬರುವವರು ಟೈಲರು: ಮೂರು ಹೊಲಿಗೆ ಯಂತ್ರ, ಒಂದು ಕಟಿಂಗ್ ಟೇಬಲ್, ಇಸ್ತ್ರಿ ಪೆಟ್ಟಿಗೆ, ಹಿಂದೆ ಅಳತೆ ನೋಡಲು ಪರದೆ ಕಟ್ಟಿದ ಮೂಲೆ. ಮಾತುಕತೆ ಮುಗಿದಿದೆ. ಮುಂಗಡ 80,000 ರೂಪಾಯಿ, ತಿಂಗಳ ಬಾಡಿಗೆ 8,000, ಅವಧಿ ಮೂರು ವರ್ಷ. ಮೊದಲ 18 ತಿಂಗಳು ಲಾಕ್-ಇನ್, ಪ್ರತಿ ವರ್ಷ ಬಾಡಿಗೆ ಶೇಕಡಾ 10ರಷ್ಟು ಹೆಚ್ಚಳ. ಇಷ್ಟನ್ನು ಬೆರಳಚ್ಚು ಮಾಡಿಸಿ ನೂರು ರೂಪಾಯಿ ಛಾಪಾ ಕಾಗದಕ್ಕೆ ಇಳಿಸಿ, ನೋಟರಿಯ ಮೊಹರು ಹಾಕಿಸಿದರೆ ಕೆಲಸ ಮುಗಿಯಿತೆಂದು ಇಬ್ಬರೂ ತಿಳಿದಿದ್ದಾರೆ. ಇದು ಒಂದು ಉದಾಹರಣೆ ಅಷ್ಟೆ. ಆದರೆ ಇಂಥ ಕರಡು ನಮ್ಮ ಊರುಗಳಲ್ಲಿ ದಿನವೂ ತಯಾರಾಗುತ್ತದೆ. ಇದರಲ್ಲಿ ಎಲ್ಲಿ ತೂತಿದೆ, ಅದನ್ನು ಹೇಗೆ ಹೊಲಿಯಬೇಕು ಎಂಬುದನ್ನು ಈ ವಾರ ನೋಡೋಣ.

ಮೊದಲ ತೂತು ಕಾಗದದಲ್ಲೇ ಇದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 107ನೇ ಕಲಮು ಹೇಳುತ್ತದೆ. 1908ರ ನೋಂದಣಿ ಕಾಯಿದೆಯ 17ನೇ ಕಲಮೂ ಅದನ್ನೇ ಹೇಳುತ್ತದೆ. ನೋಂದಣಿಯಾಗದ ಪತ್ರದ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲು ಅದೇ ಕಾಯಿದೆಯ 49ನೇ ಕಲಮು ಬಿಡುವುದಿಲ್ಲ. ನೋಟರಿಯ ಮೊಹರು ನೋಂದಣಿಯ ಬದಲಿಗೆ ಸಲ್ಲದು.

ಹಾಗಾದರೆ ಟೈಲರು ಬಾಡಿಗೆದಾರರೇ ಅಲ್ಲವೇ? ಬಾಡಿಗೆದಾರರೇ ಹೌದು. ಐದು ವರ್ಷದ ನೋಂದಣಿಯಾಗದ ಗುತ್ತಿಗೆಯೊಂದರ ಬಗ್ಗೆ ಸುಪ್ರೀಂ ಕೋರ್ಟು 2000ದಲ್ಲಿ, ಆಂಥೊನಿ ಮತ್ತು ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ನಡುವಿನ ಮೊಕದ್ದಮೆಯಲ್ಲಿ, ಪತ್ರ ಕೆಲಸಕ್ಕೆ ಬಾರದಿದ್ದರೂ ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿರುವುದರಿಂದ ಬಾಡಿಗೆ ಸಂಬಂಧ ಉಳಿಯುತ್ತದೆ ಎಂದಿತು. ಆದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಇಂಥ ಬಾಡಿಗೆಯನ್ನು 106ನೇ ಕಲಮಿನಂತೆ ಯಾರು ಬೇಕಾದರೂ ಹದಿನೈದು ದಿನದ ನೋಟೀಸು ಕೊಟ್ಟು ಮುಗಿಸಬಹುದು.

ಅಂದರೆ ನಮ್ಮ ಕರಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದ 18 ತಿಂಗಳ ಲಾಕ್-ಇನ್ ಬರೀ ಅಲಂಕಾರ. ಕಪಾಟು, ಟೇಬಲ್ಲು, ದೀಪಗಳಿಗೆ ಹಣ ಸುರಿದ ಟೈಲರಿಗೆ ಐದನೇ ತಿಂಗಳಲ್ಲಿ ನೋಟೀಸು ಬಂದರೆ ಈ ಷರತ್ತು ಕಾಪಾಡುವುದಿಲ್ಲ. ಅವರೇ ಐದನೇ ತಿಂಗಳಲ್ಲಿ ಹೊರಟರೆ ಮಾಲೀಕರನ್ನೂ ಕಾಪಾಡುವುದಿಲ್ಲ. ಮಳಿಗೆ ತೀರ ಚಿಕ್ಕದಾಗಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯಿದೆಯ ಮಾತು ಬರಬಹುದಿತ್ತು. ಆದರೆ 14 ಚದರ ಮೀಟರಿಗಿಂತ, ಎಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾದ ವ್ಯಾಪಾರದ ಮಳಿಗೆಗೆ ಆ ಕಾಯಿದೆ ಅನ್ವಯಿಸದು. ನಮ್ಮ ಮಳಿಗೆ 180 ಚದರ ಅಡಿ. ಆದ್ದರಿಂದ ಇಲ್ಲಿ ಪತ್ರವೇ ಆಸರೆ.

ಅದಕ್ಕೇ ಹನ್ನೊಂದು ತಿಂಗಳ ಕರಾರು ಮಾಡಿದರಾಯಿತು ಎನ್ನುವವರಿದ್ದಾರೆ. ಮಾಡಬಹುದು. ಆದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಹದಿನೆಂಟು ತಿಂಗಳ ಲಾಕ್-ಇನ್ ಹಿಡಿಸದು. ಇಬ್ಬರಿಗೂ ನಿಜವಾಗಿ ಮೂರು ವರ್ಷದ ಭರವಸೆ ಬೇಕಿದ್ದರೆ ಮುದ್ರಾಂಕ ಶುಲ್ಕ ಕಟ್ಟಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿ ನೋಂದಾಯಿಸುವುದೇ ದಾರಿ. ಆ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವುದು ನ್ಯಾಯ. ಏಕೆಂದರೆ ಅದರಿಂದ ಸಿಗುವ ಭದ್ರತೆ ಇಬ್ಬರದೂ.

ಈಗ ಲಾಕ್-ಇನ್ ಷರತ್ತಿಗೆ ಬರೋಣ. ನೋಂದಾಯಿತ ಪತ್ರದಲ್ಲಿ ಮೂರು ವರ್ಷ ಎಂದಷ್ಟೇ ಬರೆದು ನಡುವೆ ಬಿಡುವ ಮಾತನ್ನೇ ಎತ್ತದಿದ್ದರೆ, ಮೂರೂ ವರ್ಷ ಇಬ್ಬರೂ ಕಟ್ಟುಬಿದ್ದಂತೆಯೇ. ಮಧ್ಯದಲ್ಲಿ ನೋಟೀಸು ಕೊಟ್ಟು ಬಿಡಬಹುದು ಎಂಬ ಬಾಗಿಲು ಇಟ್ಟಾಗ ಮಾತ್ರ, ಆ ಬಾಗಿಲು ಇಷ್ಟು ತಿಂಗಳು ಮುಚ್ಚಿರುತ್ತದೆ ಎಂದು ಹೇಳುವ ಲಾಕ್-ಇನ್ನಿಗೆ ಅರ್ಥ. ಆದ್ದರಿಂದ ಕರಡಿನಲ್ಲಿ ಎರಡನ್ನೂ ಜೊತೆಯಾಗಿ ಓದಬೇಕು. ನಮ್ಮ ಕರಡು ಹೇಳುವುದು ಇಷ್ಟೇ: "ಬಾಡಿಗೆದಾರರು 18 ತಿಂಗಳೊಳಗೆ ಬಿಟ್ಟರೆ ಮುಂಗಡ ಪೂರ್ತಿ ಮುಟ್ಟುಗೋಲು." ಮಾಲೀಕರು ಬಿಡಿಸಿದರೆ ಏನು ಎಂಬುದಕ್ಕೆ ಒಂದಕ್ಷರವೂ ಇಲ್ಲ. ಇದು ಒಂದೇ ಕಡೆ ಹೊಲಿಗೆ ಹಾಕಿದ ಅಂಗಿ.

ಮುಟ್ಟುಗೋಲಿನ ಲೆಕ್ಕ ಮಾಡಿ ನೋಡಿ. ಟೈಲರು ಹತ್ತು ತಿಂಗಳು ಕಳೆದು ಬಿಟ್ಟರೆಂದುಕೊಳ್ಳಿ. ಲಾಕ್-ಇನ್ನಿನಲ್ಲಿ ಉಳಿದದ್ದು ಎಂಟು ತಿಂಗಳು. ಮೊದಲ ಎರಡಕ್ಕೆ 8,000ದಂತೆ, ಆಮೇಲಿನ ಆರಕ್ಕೆ 8,800ರಂತೆ ಒಟ್ಟು 68,800 ರೂಪಾಯಿ. ಕರಡಿನ ಪ್ರಕಾರ ಹೋಗುವುದು 80,000. ಉಳಿದ ಅವಧಿಯ ಇಡೀ ಬಾಡಿಗೆಗಿಂತಲೂ ಹೆಚ್ಚು! 1872ರ ಕರಾರು ಕಾಯಿದೆಯ 74ನೇ ಕಲಮಿನಂತೆ ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ಎರಡು ತಿಂಗಳಲ್ಲಿ ಅದೇ ಬಾಡಿಗೆಗೆ ಬೇರೆಯವರು ಬಂದರೆ ಮಾಲೀಕರ ನಷ್ಟ ಹೆಚ್ಚುಕಡಿಮೆ 16,000. ಆದರೆ ಅದನ್ನು ಹೇಳಿಸಿಕೊಳ್ಳಲು ಟೈಲರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಮೊದಲೇ ಬರೆದುಕೊಂಡರೆ ಹತ್ತಬೇಕಾಗಿಲ್ಲ. ಹೀಗೆ ಬರೆಯಬಹುದು:

"ಈ ಗುತ್ತಿಗೆಯ ಮೊದಲ 18 ತಿಂಗಳು ಮಾಲೀಕರಾಗಲಿ ಬಾಡಿಗೆದಾರರಾಗಲಿ ಗುತ್ತಿಗೆಯನ್ನು ಕೊನೆಗೊಳಿಸತಕ್ಕದ್ದಲ್ಲ. ಆ ಬಳಿಕ ಯಾರೇ ಆಗಲಿ ಮೂರು ತಿಂಗಳ ಲಿಖಿತ ನೋಟೀಸು ನೀಡಿ ಕೊನೆಗೊಳಿಸಬಹುದು. ಬಾಡಿಗೆದಾರರು 18 ತಿಂಗಳೊಳಗೆ ಬಿಟ್ಟಲ್ಲಿ ಮಳಿಗೆ ಮರುಬಾಡಿಗೆಗೆ ಹೋಗುವವರೆಗಿನ ಬಾಡಿಗೆ ಅಥವಾ ಮೂರು ತಿಂಗಳ ಬಾಡಿಗೆ, ಇವೆರಡರಲ್ಲಿ ಕಡಿಮೆಯಾದುದನ್ನು ಮುಂಗಡದಿಂದ ಹಿಡಿದುಕೊಳ್ಳತಕ್ಕದ್ದು. ಮಾಲೀಕರು ಆ ಅವಧಿಯೊಳಗೆ ಬಿಡಿಸಿದಲ್ಲಿ ಪೂರ್ಣ ಮುಂಗಡದೊಂದಿಗೆ ಮೂರು ತಿಂಗಳ ಬಾಡಿಗೆಯಷ್ಟು ಪರಿಹಾರ ಕೊಡತಕ್ಕದ್ದು."

ಇದಕ್ಕೆ ಕೆಲವು ಹೊರತುಗಳನ್ನೂ ಸೇರಿಸಬೇಕು. ಸತತ ಎರಡು ತಿಂಗಳು ಬಾಡಿಗೆ ಬಾಕಿ ನಿಂತರೆ ಮಾಲೀಕರಿಗೆ ಲಾಕ್-ಇನ್ ಅಡ್ಡಿಯಾಗಬಾರದು. ರಸ್ತೆ ಅಗಲೀಕರಣಕ್ಕೆ ಮಳಿಗೆ ಹೋದರೆ, ಬೆಂಕಿ ನೀರಿಗೆ ಸಿಕ್ಕಿ ಕೆಲಸಕ್ಕೆ ಬಾರದಾದರೆ, ಟೈಲರು ತೀರಿಕೊಂಡರೆ ಅವರ ಮನೆಯವರನ್ನು ಅದು ಕಟ್ಟಿಹಾಕಬಾರದು. ಮಾಲೀಕರು ನಡುವೆ ಕಟ್ಟಡ ಮಾರಿದರೂ ಹೆದರಬೇಕಿಲ್ಲ. 109ನೇ ಕಲಮಿನಂತೆ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ, ನೋಂದಾಯಿತ ಗುತ್ತಿಗೆ ಮುಂದುವರಿಯುತ್ತದೆ.

ಇನ್ನೊಂದು ಮಾತು ಟೈಲರುಗಳಿಗೆ ಮಾತ್ರ. ಲಾಕ್-ಇನ್ ಮುಗಿಯುವ ತಿಂಗಳು ಯಾವುದೆಂದು ಪಂಚಾಂಗ ನೋಡಿ. ಶಾಲೆ ಶುರುವಾಗುವ ಜೂನ್ ಹೊತ್ತಿನ ಸಮವಸ್ತ್ರದ ಕೆಲಸ, ದಸರಾ ದೀಪಾವಳಿಯ ಹೊಲಿಗೆ ಕೈತುಂಬ ಇರುವಾಗ ಮಳಿಗೆ ಖಾಲಿ ಮಾಡುವ ಗಡುವು ಬಂದರೆ ಗಿರಾಕಿ ಹೋದಂತೆ. ಕರಾರು ಏಪ್ರಿಲ್‌ನಲ್ಲಿ ಶುರುವಾದರೆ 18 ತಿಂಗಳು ಮುಗಿಯುವುದು ಮರುವರ್ಷದ ಸೆಪ್ಟೆಂಬರ್ ಕೊನೆಗೆ, ಹಬ್ಬದ ಕೆಲಸ ನೆರೆಯುವಾಗ. ಅಂಥಲ್ಲಿ 18ರ ಬದಲು 21 ತಿಂಗಳು ಎಂದು ಬರೆಸಿಕೊಳ್ಳುವುದೇ ಲೇಸು.

ಇನ್ನು ಬಾಡಿಗೆ ಹೆಚ್ಚಳ. "ಪ್ರತಿ ವರ್ಷ ಶೇಕಡಾ 10" ಎಂಬ ಮೂರು ಪದದಲ್ಲಿ ಮೂರು ಜಗಳ ಅಡಗಿವೆ. ಯಾವುದರ ಮೇಲೆ ಹತ್ತು? ಮೊದಲ ಬಾಡಿಗೆಯ ಮೇಲೆಯಾದರೆ ಮೂರನೇ ವರ್ಷ 9,600. ಹಿಂದಿನ ವರ್ಷದ ಬಾಡಿಗೆಯ ಮೇಲೆಯಾದರೆ 9,680. ಯಾವ ತಾರೀಖಿನಿಂದ? ಸಹಿ ಹಾಕಿದ ದಿನದಿಂದಲೋ, ಬಾಡಿಗೆ ಶುರುವಾದ ದಿನದಿಂದಲೋ? ಬಾಡಿಗೆಯ ಜೊತೆಗೆ ಮುಂಗಡವೂ ಏರುತ್ತದೆಯೋ? ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ನವೀಕರಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಪ್ರತಿ ಹೆಚ್ಚಳವೂ ಒಂದು ತಿಂಗಳು ಮೊದಲೇ ಬರುತ್ತದೆ. 60 ತಿಂಗಳಲ್ಲಿ ಬರಬೇಕಾದ ಐದು ಹೆಚ್ಚಳ 55 ತಿಂಗಳಿಗೇ ಮುಗಿದಿರುತ್ತದೆ.

ಇದಕ್ಕೆಲ್ಲ ಒಂದೇ ಮದ್ದು. ಶೇಕಡಾವಾರು ಬರೆಯುವುದರ ಜೊತೆಗೆ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಮೂರು ಸಾಲು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿಸಿ. "ಮಾರುಕಟ್ಟೆ ದರದಂತೆ ಹೆಚ್ಚಿಸಬಹುದು" ಎಂಬ ವಾಕ್ಯ ಕಂಡರೆ ಹೊಡೆದುಹಾಕಿಸಿ.

ಚೌಕಾಶಿಗೆ ಕೂರುವ ಮುನ್ನ ಇನ್ನೊಂದು ಲೆಕ್ಕ ತಿಳಿದಿರಲಿ. ಮಾಲೀಕರು 8,000ಕ್ಕೆ ಶೇಕಡಾ 10ರ ಹೆಚ್ಚಳ ಕೇಳಿದರೆ ಮೂರು ವರ್ಷಕ್ಕೆ ಒಟ್ಟು ಬಾಡಿಗೆ 3,17,760 ರೂಪಾಯಿ. ಅದರ ಬದಲು ಟೈಲರು 8,400ಕ್ಕೆ ಶುರುಮಾಡಿ ಶೇಕಡಾ 5 ಸಾಕು ಎಂದರೆ ಒಟ್ಟು 3,17,772. ಮಾಲೀಕರಿಗೆ ಹನ್ನೆರಡು ರೂಪಾಯಿ ಹೆಚ್ಚೇ ಸಿಕ್ಕಿತು, ಹಣವೂ ಬೇಗ ಬಂತು. ಟೈಲರಿಗೆ ಸಿಕ್ಕ ಲಾಭ ಬೇರೆ. ಮೊದಲ ರೀತಿಯಲ್ಲಿ ಮೂರನೇ ವರ್ಷದ ಬಾಡಿಗೆ 9,680, ಎರಡನೆಯದರಲ್ಲಿ 9,261. ಮುಂದಿನ ಕರಾರಿನ ಮಾತು ಶುರುವಾಗುವುದು ಈ ಕೊನೆಯ ಅಂಕಿಯಿಂದಲೇ. ಅಲ್ಲೇ ನೆಲೆಯೂರಿ ಹತ್ತು ವರ್ಷ ಹೊಲಿಯುವ ಆಸೆಯಿದ್ದವರಿಗೆ ಎರಡನೆಯದೇ ಒಳ್ಳೆಯದು. ಹೊಸ ಬೀದಿ, ಗಿರಾಕಿ ಇನ್ನೂ ಬರಬೇಕು, ಕೈ ಬಿಗಿ ಎನ್ನುವವರಿಗೆ ಮೊದಲನೆಯದು.

ಮಳಿಗೆ ಬಿಡುವ ದಿನಕ್ಕೂ ಎರಡು ಸಾಲು ಬರೆದಿರಬೇಕು. ಬೀಗದ ಕೈ ಒಪ್ಪಿಸಿದ ದಿನವೇ ಮುಂಗಡ ವಾಪಸು ಎಂಬುದು ಒಂದು. ಟೈಲರು ಹಾಕಿಸಿದ ಕಪಾಟು, ದೀಪ, ನಾಮಫಲಕ ಅವರವೇ, ಗೋಡೆ ಸರಿಮಾಡಿಕೊಟ್ಟು ಒಯ್ಯಬಹುದು ಎಂಬುದು ಎರಡು. ಜಗಳವಾದಾಗ ಮಾಲೀಕರು ತಮ್ಮ ಬೀಗ ಜಡಿಯುವುದುಂಟು. ಟೈಲರ ಪಾಲಿಗೆ ಇದು ದೊಡ್ಡ ಪೆಟ್ಟು. ಒಳಗೆ ಸಿಕ್ಕಿಬೀಳುವುದು ಅವರ ಯಂತ್ರವಷ್ಟೇ ಅಲ್ಲ, ಗಿರಾಕಿಗಳ ಮದುವೆ ಬಟ್ಟೆಯೂ ಹೌದು. ಕಾನೂನಿನ ಕ್ರಮವಿಲ್ಲದೆ ಹೀಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ ಸ್ವಾಧೀನ ಮರಳಿ ಪಡೆಯಲು ದಾವೆ ಹೂಡಬಹುದು. ಆದರೆ ಆರು ತಿಂಗಳೊಳಗೆ ಹೂಡಬೇಕು. ಗಿರಾಕಿಯ ಬಟ್ಟೆಗೆ ರಸೀತಿ ಕೊಟ್ಟು ಅದರ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಒಳಗೆ ಏನಿತ್ತೆಂದು ತೋರಿಸುವುದು ಸುಲಭ.

ಕೊನೆಯದಾಗಿ, ಮೂರು ವರ್ಷ ಮುಗಿದ ಮೇಲೂ ಹೊಸ ಪತ್ರವಿಲ್ಲದೆ ಟೈಲರು ಬಾಡಿಗೆ ಕೊಡುತ್ತ, ಮಾಲೀಕರು ತೆಗೆದುಕೊಳ್ಳುತ್ತ ಹೋದರೆ 116ನೇ ಕಲಮಿನಂತೆ ಅದು ಮತ್ತೆ ತಿಂಗಳ ಬಾಡಿಗೆಯಾಗುತ್ತದೆ. ಲಾಕ್-ಇನ್ನಿನ ಅಭಯ ಆಗ ಇರುವುದಿಲ್ಲ. ಅದಕ್ಕೇ ಅವಧಿ ಮುಗಿಯುವುದಕ್ಕೆ ಮೂರು ತಿಂಗಳು ಮೊದಲಿನ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹೊಸ ಕರಡಿನ ಮಾತು ಆ ದಿನವೇ ಶುರುವಾಗಲಿ.